ಕಾವೇರಿ ಕಾಯ್ದ ಕೋಟೆ

ಎಂಟು ವರ್ಷಗಳ ಅವಧಿಯಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದ ಮೇಲೆ ಮೂರು ಬಾರಿ ದಂಡೆತ್ತಿ ಬಂದರು. ಮೇ ನಡುವಿನಲ್ಲಿ ಬಂದಾಗ ಬರಿಗೈಯಲ್ಲಿ ಮರಳಿದರು. ಫೆಬ್ರವರಿಯಲ್ಲಿ ಮತ್ತು ಏಪ್ರಿಲ್‌ನಲ್ಲಿ ಬಂದಾಗ ಗೆದ್ದರು.

ಈ ಕೋಟೆ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪದಲ್ಲಿದೆ. ಅಣೆಕಟ್ಟು ಇಲ್ಲದ ಆ ಕಾಲದಲ್ಲಿ ಬೇಸಿಗೆಯ ಹೊಳೆಯನ್ನು ಬಂಡೆಗಳ ನಡುವೆ ನಡೆದೇ ದಾಟಬಹುದಿತ್ತು. ಕೊಡಗಿನ ಬೆಟ್ಟಗಳಲ್ಲಿ ಮಳೆ ಹಿಡಿದರೆ ಸಾಕು, ಪಟ್ಟಣದಲ್ಲಿ ಹನಿ ಬೀಳದಿದ್ದರೂ ಹೊಳೆ ತುಂಬುತ್ತಿತ್ತು.

1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಗೆದ್ದ ಕಾರ್ನ್‌ವಾಲಿಸ್, ಮೇ ಆರಂಭದಲ್ಲಿ ಅಲ್ಲಿಂದ ಹೊರಟ. ಕೊಡಗಿನ ದಾರಿಯಾಗಿ ಬಂದಿದ್ದ ಅಬರ್‌ಕ್ರಾಂಬಿಯ ಸೈನ್ಯ ಪಿರಿಯಾಪಟ್ಟಣದ ಬಳಿ ಕಾಯುತ್ತಿತ್ತು. ಎರಡೂ ದಂಡುಗಳು ಕೂಡಬೇಕಾದರೆ ಕಾವೇರಿಯನ್ನು ದಾಟಲೇಬೇಕು. ಅರಕೆರೆಯಲ್ಲಿ ಹೊಳೆ ಆಗಲೇ ಏರಿತ್ತು, ದಾಟಲು ಆಗಲಿಲ್ಲ. ಮೇ 15ರ ಕಾಳಗದಲ್ಲಿ ಟಿಪ್ಪುವಿನ ಪಡೆ ಹಿಂದೆ ಸರಿದರೂ ಕಾರ್ನ್‌ವಾಲಿಸ್‌ಗೆ ಆ ಗೆಲುವು ದಕ್ಕಲಿಲ್ಲ. ಮೇಲ್ದಂಡೆಯ ಕನ್ನಂಬಾಡಿಯಲ್ಲಾದರೂ ದಾಟೋಣವೆಂದು ಆತ ಅತ್ತ ನಡೆದ.

ಅಷ್ಟರಲ್ಲಿ ಎತ್ತುಗಳು ಸಾಯತೊಡಗಿದ್ದವು. ಕೋಟೆ ಒಡೆಯುವ ಭಾರಿ ತೋಪುಗಳನ್ನೂ ಸೈನಿಕರ ಅಕ್ಕಿಯನ್ನೂ ಹೊರುತ್ತಿದ್ದವು ಎತ್ತುಗಳೇ. ದಾರಿಯ ಮೇವನ್ನು ಟಿಪ್ಪು ಮೊದಲೇ ನಾಶಪಡಿಸಿದ್ದ. ಮಳೆ, ಕೆಸರು, ರೋಗ ಉಳಿದದ್ದನ್ನು ಮುಗಿಸಿದವು. ಸೈನಿಕರೇ ತೋಪು ಎಳೆಯುವ ಸ್ಥಿತಿ ಬಂತು. ಕೊನೆಗೆ ಕಾರ್ನ್‌ವಾಲಿಸ್ ತೋಪುಗಳನ್ನು ತಾನೇ ಒಡೆಸಿ, ಅಬರ್‌ಕ್ರಾಂಬಿಗೂ ಮರಳುವಂತೆ ಹೇಳಿ ಕಳಿಸಿ, ಮೇ 26ರಂದು ಬೆಂಗಳೂರಿನತ್ತ ತಿರುಗಿದ.

ಮುಂದಿನ ಸಲ ಆತ ಋತು ನೋಡಿ ಹೊರಟ. 1792ರ ಫೆಬ್ರವರಿ 6ರ ರಾತ್ರಿ, ಹೊಳೆ ಇಳಿದಿದ್ದ ಕಾಲದಲ್ಲಿ, ಆತನ ಪಡೆ ಕಾವೇರಿ ದಾಟಿ ದ್ವೀಪಕ್ಕೆ ನುಗ್ಗಿತು. ಮಾರ್ಚ್‌ನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ.

1799ರಲ್ಲಿ ಹ್ಯಾರಿಸ್‌ನ ದಂಡು ಏಪ್ರಿಲ್ 5ರಂದು ಕೋಟೆಯ ಮುಂದೆ ಬೀಡುಬಿಟ್ಟಿತು. ಮುಂಗಾರಿನವರೆಗೆ ಕೋಟೆ ತಡೆದು ನಿಂತರೆ ಹೊಳೆಯೇ ಶತ್ರುವನ್ನು ಓಡಿಸೀತು ಎಂಬ ಆಸೆ ಟಿಪ್ಪುವಿಗೆ ಇತ್ತು. ಎಂಟು ವರ್ಷಗಳ ಹಿಂದೆ ಆದದ್ದೂ ಅದೇ. ಹ್ಯಾರಿಸ್‌ಗೂ ಅದು ಗೊತ್ತಿತ್ತು. ಜೊತೆಗೆ ಅವನ ಪಾಳೆಯದಲ್ಲಿ ಅಕ್ಕಿ ಮುಗಿಯುತ್ತಾ ಬಂದಿತ್ತು. ವಾಯವ್ಯ ಮೂಲೆಯ ಗೋಡೆ ಬಿರುಕು ಬಿಡುತ್ತಲೇ ಅವನು ತಡಮಾಡಲಿಲ್ಲ. ಮೇ 4ರ ಮಧ್ಯಾಹ್ನ ಸೈನಿಕರು ಬಂಡೆಗಳ ನಡುವಿನ ತೆಳು ನೀರಿನಲ್ಲಿ ಇಳಿದು, ಕೆಲವೇ ನಿಮಿಷಗಳಲ್ಲಿ ಒಡೆದ ಗೋಡೆ ಹತ್ತಿದರು. ಅಂದೇ ಟಿಪ್ಪು ಹೋರಾಡುತ್ತ ಮಡಿದ.

ತುಂಬಿದ ಹೊಳೆ ಶತ್ರುವನ್ನು ಸೋಲಿಸುವುದಿಲ್ಲ, ತಡೆದು ನಿಲ್ಲಿಸುತ್ತದೆ. 1791ರಲ್ಲಿ ಸಿಕ್ಕ ಎಂಟು ತಿಂಗಳ ಬಿಡುವಿನಲ್ಲಿ ಎರಡೂ ಕಡೆಯವರು ಸಿದ್ಧರಾದರು. ಹೆಚ್ಚು ಎತ್ತು, ಹೆಚ್ಚು ಧಾನ್ಯ ಕೂಡಿಸಿದವರು ಗೆದ್ದರು. ಶ್ರೀರಂಗಪಟ್ಟಣದ ಕದನಗಳ ಬಗ್ಗೆ ಓದುವಾಗ ಇಸವಿಯ ಜೊತೆಗೆ ತಿಂಗಳನ್ನೂ ನೋಡಿ. ಅರ್ಧ ಕಾರಣ ಅಲ್ಲೇ ಸಿಗುತ್ತದೆ.