ಬುಟ್ಟಿಯಲ್ಲಿ ಮೂವತ್ತು ದಿನ

ದ್ವಿತೀಯ ಪಿಯುಸಿ ಭೌತಶಾಸ್ತ್ರ ಪರೀಕ್ಷೆಗೆ ಇನ್ನೆರಡೇ ದಿನ. ರಾತ್ರಿ ಹತ್ತಕ್ಕೆ ಹಾಸನದಿಂದ ತಂಗಿಯ ಮಗಳು ಫೋನ್ ಮಾಡಿದಳು. "ದೊಡ್ಡಮ್ಮಾ, ನನ್ನ ನೋಟ್ಸ್ ಎಲ್ಲಾ ಹೋಯ್ತು. ಸ್ಕ್ರೀನ್‌ಶಾಟ್ ಫೋಲ್ಡರ್ ಖಾಲಿ" ಎಂದವಳಿಗೆ ಮುಂದೆ ಮಾತೇ ಹೊರಡಲಿಲ್ಲ.

ಡಿಸೆಂಬರ್‌ನಿಂದ ಕೂಡಿಟ್ಟ ಸುಮಾರು ಇನ್ನೂರು ಚಿತ್ರಗಳವು. ಗೆಳತಿಯರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪುಟಗಳು ಕೆಲವು, ಯೂಟ್ಯೂಬ್ ಪಾಠ ನಿಲ್ಲಿಸಿ ತೆಗೆದ ಬೋರ್ಡಿನ ಚಿತ್ರಗಳು ಕೆಲವು. ಯಾವುದನ್ನೂ ಪುಸ್ತಕಕ್ಕೆ ಇಳಿಸಿಕೊಂಡಿರಲಿಲ್ಲ.

"ಮೊದಲು ಫೋನಲ್ಲಿ ಏನನ್ನೂ ಅಳಿಸಬೇಡ, ಯಾವ ಬುಟ್ಟಿಯನ್ನೂ ಖಾಲಿ ಮಾಡಬೇಡ" ಎಂದೆ. ಆಮೇಲೆ ವಿಚಾರಿಸಿದರೆ ವಿಷಯ ಹೊರಬಂತು. ಜಾಗ ತುಂಬಿದೆ ಎಂದು ಫೋನ್ ಎಚ್ಚರಿಸಿದಾಗಲೆಲ್ಲ ಅವಳು ಕಸ ತೆಗೆಯುವ ಒಂದು ಆ್ಯಪ್ ತೆರೆಯುತ್ತಿದ್ದಳು. ಅದು ಹಳೆಯ ಸ್ಕ್ರೀನ್‌ಶಾಟ್‌ಗಳನ್ನು ಬೇಡದ ವಸ್ತುಗಳ ಪಟ್ಟಿಯಲ್ಲಿ ತೋರಿಸುತ್ತಿತ್ತು. ಹೆಚ್ಚಿನವರಿಗೆ ಸ್ಕ್ರೀನ್‌ಶಾಟ್ ಎಂದರೆ ಟಿಕೆಟ್, ಹಣ ಕಳಿಸಿದ ರಸೀದಿ. ಒಂದು ವಾರ ಕಳೆದರೆ ಬೇಡ. ಅದೇ ಎಣಿಕೆಯಲ್ಲಿ ಆ ಪಟ್ಟಿ ತಯಾರಾಗುತ್ತದೆ. ಒಳಗಿರುವುದು ಮಸೂರದ ಸೂತ್ರವೋ ಸಿನಿಮಾ ಟಿಕೆಟ್ಟೋ ಎಂದು ಅದು ನೋಡಿರುವುದಿಲ್ಲ. ಇವಳು ಜನವರಿ 5ಕ್ಕೊಮ್ಮೆ, ಫೆಬ್ರವರಿ 10ಕ್ಕೊಮ್ಮೆ ಒಪ್ಪಿಗೆ ಒತ್ತಿದ್ದಳು.

ಈ ಎರಡು ತಾರೀಖುಗಳೇ ಆ ರಾತ್ರಿ ಎಲ್ಲವನ್ನೂ ನಿರ್ಧರಿಸಿದವು. ಆಂಡ್ರಾಯ್ಡ್ 11 ಮತ್ತು ಅದರ ನಂತರದ ಫೋನುಗಳಲ್ಲಿ ಬುಟ್ಟಿಗೆ ಹಾಕಿದ ಚಿತ್ರ ಸಾಮಾನ್ಯವಾಗಿ ಆ ಕ್ಷಣವೇ ನಾಶವಾಗುವುದಿಲ್ಲ. ಇದ್ದ ಫೋಲ್ಡರ್‌ನಲ್ಲೇ ಉಳಿಯುತ್ತದೆ, ಹೆಸರು ಮಾತ್ರ ಬದಲಾಗಿ ಕಣ್ಣಿಗೆ ಬೀಳದಂತಾಗುತ್ತದೆ. ಫೈಲ್ ಮ್ಯಾನೇಜರ್‌ನಲ್ಲಿ `Show hidden files` ಆನ್ ಮಾಡಿಸಿದೆ. ಖಾಲಿ ಎಂದಿದ್ದ ಫೋಲ್ಡರ್‌ನಲ್ಲಿ ಇಂಥ ಸಾಲುಗಳು ಮೂಡಿದವು:

```
.trashed-1741786323-Screenshot_20250112-214305.png
```

ಕೊನೆಯ ಭಾಗ ಚಿತ್ರದ ಹಳೆಯ ಹೆಸರು: 2025ರ ಜನವರಿ 12, ರಾತ್ರಿ 9 ಗಂಟೆ 43 ನಿಮಿಷಕ್ಕೆ ತೆಗೆದದ್ದು. ನಡುವಿನ ದೊಡ್ಡ ಸಂಖ್ಯೆ ಅದರ ಆಯುಷ್ಯ. 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತ ಬಂದರೆ ಅದು ಮಾರ್ಚ್ 12ರ ಸಂಜೆ ಏಳರ ಹೊತ್ತಿಗೆ ಸರಿಹೊಂದುತ್ತದೆ, ಅಂದರೆ ಅಳಿಸಿದ ದಿನದಿಂದ ಸರಿಯಾಗಿ 30 ದಿನ. ಆ ಗಡುವು ಇನ್ನೂ ಬಂದಿರಲಿಲ್ಲ. ಫೋಟೋ ಆ್ಯಪ್‌ನ `Bin` ತೆರೆದು, ಎಲ್ಲವನ್ನೂ ಆರಿಸಿ `Restore` ಒತ್ತಿದಳು. 140 ಚಿತ್ರಗಳು ವಾಪಸ್ ಬಂದವು. ಹೆಸರಿನಲ್ಲೇ ದಿನ, ಗಂಟೆ ಇದ್ದುದರಿಂದ ಪಾಠಗಳ ಅನುಕ್ರಮವೂ ಕೆಡಲಿಲ್ಲ. (ಕೆಲವು ಆ್ಯಪ್‌ಗಳು ತಮ್ಮದೇ ಬೇರೆ ಬುಟ್ಟಿ ಇಟ್ಟುಕೊಂಡಿರುತ್ತವೆ, ಇಲ್ಲಿ ಸಿಗದಿದ್ದರೆ ಅಳಿಸಿದ ಆ್ಯಪ್‌ನಲ್ಲೇ ಹುಡುಕಬೇಕು.)

ಜನವರಿ 5ರಂದು ಹೋದ ಅರವತ್ತೆರಡು ಚಿತ್ರಗಳ ಗಡುವು ಮಾತ್ರ ಫೆಬ್ರವರಿಯ ಮೊದಲ ವಾರದಲ್ಲೇ ಮುಗಿದಿತ್ತು. "ಗೂಗಲ್ ಫೋಟೋಸ್‌ನಲ್ಲಿ ಇರುತ್ತಲ್ವಾ?" ಎಂದಳು. ಅಲ್ಲಿ ಬ್ಯಾಕಪ್ ಆಗಿದ್ದ ಚಿತ್ರವಾದರೆ ಬುಟ್ಟಿಯಲ್ಲಿ 60 ದಿನ ಉಳಿಯುತ್ತದೆ. ಆದರೆ ಅಲ್ಲಿ ಕ್ಯಾಮೆರಾ ಫೋಟೋಗಳಂತೆ ಸ್ಕ್ರೀನ್‌ಶಾಟ್ ಫೋಲ್ಡರ್ ತಾನಾಗಿ ಬ್ಯಾಕಪ್ ಆಗುವುದಿಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ಬೇರೆಯಾಗಿ ಆನ್ ಮಾಡಬೇಕು. ಇವಳು ಮಾಡಿರಲಿಲ್ಲ.

ಅಷ್ಟರಲ್ಲಿ ಅವಳ ಅಣ್ಣ ಕಳೆದ ಫೋಟೋ ಮರಳಿ ತರುತ್ತೇನೆ ಎನ್ನುವ ಆ್ಯಪೊಂದನ್ನು ಹಾಕಿದ್ದ. ಅದು ಚಿತ್ರಗಳನ್ನು ತೋರಿಸಿತು ಕೂಡ. ದೊಡ್ಡದು ಮಾಡಿದರೆ ಅಕ್ಷರವೆಲ್ಲ ಮಸಿ ಚೆಲ್ಲಿದ ಹಾಗೆ. ಗ್ಯಾಲರಿಗೆಂದು ಫೋನ್ ಮಾಡಿಟ್ಟುಕೊಂಡ ಬೆರಳುಗುರಿನಷ್ಟು ಪ್ರತಿಗಳವು, ಅಸಲಿ ಚಿತ್ರಗಳಲ್ಲ. ಈಗಿನ ಹಲವು ಫೋನುಗಳು ಪ್ರತಿ ಫೈಲನ್ನೂ ಅದರದೇ ಕೀಲಿಯಿಂದ ಗೂಢಲಿಪಿಯಾಗಿ ಬರೆದಿಡುತ್ತವೆ. ಫೈಲ್ ಪೂರ್ತಿ ಅಳಿದಾಗ ಆ ಕೀಲಿಯನ್ನು ಮತ್ತೆ ಕಟ್ಟಲು ಬೇಕಾದ ಗುರುತೂ ಅದರ ಜೊತೆಗೇ ಹೋಗುತ್ತದೆ. ಇಂಥ ಆ್ಯಪ್‌ಗೆ ದುಡ್ಡು ಕೊಡಬೇಡಿ ಎಂದು ಅಣ್ಣನಿಗೂ ಹೇಳಿದೆ, ನಿಮಗೂ ಹೇಳುತ್ತೇನೆ.

ಕಳೆದುಹೋದದ್ದು ಪ್ರತಿ ಮಾತ್ರ, ಮೂಲ ಬೇರೆಡೆ ಇತ್ತು. ಪುಟಗಳನ್ನು ಕಳಿಸಿದ ಗೆಳತಿಯ ಹತ್ತಿರ ನೋಟ್‌ಬುಕ್ಕೇ ಇತ್ತು. ಬೋರ್ಡಿನ ಚಿತ್ರಗಳಿಗಾಗಿ ಯೂಟ್ಯೂಬ್‌ನ `History` ತೆಗೆದು ಡಿಸೆಂಬರ್‌ವರೆಗೆ ಹಿಂದಕ್ಕೆ ಸರಿದೆವು. ಅವಳು ನೋಡಿದ ಪಾಠಗಳು ದಿನದ ಲೆಕ್ಕದಲ್ಲಿ ಸಾಲಾಗಿ ನಿಂತಿದ್ದವು. ಹನ್ನೊಂದು ವಿಡಿಯೊ ಸಿಕ್ಕವು.

ಅಷ್ಟನ್ನೂ ಮತ್ತೆ ನೋಡಲು ಹೊತ್ತಿರಲಿಲ್ಲ. ಮಸೂರದ ಸೂತ್ರದ ನಿಷ್ಪತ್ತಿ, ಪಿ-ಎನ್ ಸಂಧಿ, ಇವೆರಡನ್ನೇ ಆರಿಸಿಕೊಂಡಳು. ಬೋರ್ಡ್ ತುಂಬಿದಲ್ಲಿ ವಿಡಿಯೊ ನಿಲ್ಲಿಸಿ ಸುಮ್ಮನಾದಳು. ಈ ಸಲ ಸ್ಕ್ರೀನ್‌ಶಾಟ್ ತೆಗೆದ ಸದ್ದು ಬರಲಿಲ್ಲ. ಹಾಳೆಯ ಮೇಲೆ ಪೆನ್ನು ಓಡುವ ಸದ್ದು ಸ್ಪೀಕರ್‌ನಲ್ಲಿ ಕೇಳುತ್ತಿತ್ತು.

"ದೊಡ್ಡಮ್ಮಾ, ಇಲ್ಲಿ ಮೈನಸ್ ಯಾಕೆ ಬಂತು?" ಎಂದಳು.