ಮೊದಲ ಕಾರ್ಡಿನ ಸ್ಟೇಟ್‌ಮೆಂಟ್ ಓದುವುದು ಹೇಗೆ?

ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್‌ನಲ್ಲಿ ಮೊದಲು ಕಾಣುವುದು ಅದರ ತಾರೀಖು. ಆ ತಿಂಗಳ ಲೆಕ್ಕ ಮುಗಿದು ಬಿಲ್ ಸಿದ್ಧವಾದ ದಿನವದು. ಹಣ ಕಟ್ಟುವ ಕೊನೆಯ ದಿನವಲ್ಲ. ಉದಾಹರಣೆಗೆ, ಏಪ್ರಿಲ್ 16ರಿಂದ ಮೇ 15ರವರೆಗಿನ ಖರ್ಚಿಗೆ ಮೇ 15ರಂದು ಸ್ಟೇಟ್‌ಮೆಂಟ್ ಬಂದು, ಗಡುವು ಜೂನ್ 4 ಎಂದಿದ್ದರೆ, ಏಪ್ರಿಲ್ 16ರ ಖರೀದಿಗೆ 49 ದಿನ ಬಡ್ಡಿಯಿಲ್ಲದ ಅವಕಾಶ ಸಿಗುತ್ತದೆ, ಮೇ 15ರ ಖರೀದಿಗೆ 20 ದಿನ ಮಾತ್ರ. ಕೊನೆಯ ದಿನ ಕೊಂಡದ್ದು ಬ್ಯಾಂಕಿನ ಲೆಕ್ಕಕ್ಕೆ ತಡವಾಗಿ ಸೇರಿದರೆ ಮುಂದಿನ ತಿಂಗಳಿಗೆ ಹೋಗುವುದೂ ಉಂಟು.

ಮುಂದಿನ ಸಾಲು ಹಿಂದಿನ ಬಾಕಿ. ಅದು ₹6,000 ಇದ್ದು, ಅಷ್ಟನ್ನೂ ಕಟ್ಟಿದ್ದರೆ, ಪಾವತಿಯ ಸಾಲಿನಲ್ಲಿ ಅದೇ ಮೊತ್ತ Cr ಗುರುತಿನೊಂದಿಗೆ ಕಾಣಬೇಕು. Cr ಎಂದರೆ ಜಮೆ, ಬಾಕಿಯಿಂದ ಕಳೆಯುವ ಹಣ. ಕಟ್ಟಿದ ಹಣ ಇಲ್ಲಿ ಕಾಣದಿದ್ದರೆ ಕೂಡಲೇ ವಿಚಾರಿಸಬೇಕು.

ನಂತರದ್ದು ವ್ಯವಹಾರಗಳ ಪಟ್ಟಿ. ಹೆಚ್ಚು ಸಮಯ ಕೊಡಬೇಕಾದ ಭಾಗ ಇದೇ. ಪ್ರತಿ ಸಾಲಿನಲ್ಲೂ ತಾರೀಖು, ಅಂಗಡಿಯ ಹೆಸರು, ಮೊತ್ತ ಇರುತ್ತವೆ. ಬೋರ್ಡಿನ ಮೇಲಿರುವ ಹೆಸರು ಒಂದು, ಸ್ಟೇಟ್‌ಮೆಂಟ್‌ನಲ್ಲಿ ಬರುವ ನೋಂದಾಯಿತ ಹೆಸರು ಇನ್ನೊಂದು ಆಗಿರಬಹುದು; ಹೆಸರು ಗುರುತು ಸಿಗದಿದ್ದರೆ ದಿನವನ್ನೂ ಮೊತ್ತವನ್ನೂ ರಸೀದಿಯ ಜೊತೆ ತಾಳೆ ನೋಡಬೇಕು. ಆಗಲೂ ಗೊತ್ತಾಗದ ಸಾಲು, ಅದು ಹತ್ತೇ ರೂಪಾಯಿಯದಾದರೂ, ಬ್ಯಾಂಕಿಗೆ ತಿಳಿಸಬೇಕಾದದ್ದು. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದಿದ್ದರೆ ಅದಕ್ಕೆ ಬಡ್ಡಿರಹಿತ ಅವಧಿ ಇರುವುದಿಲ್ಲ. ಸಾಮಾನ್ಯವಾಗಿ ಅಂದಿನಿಂದಲೇ ಬಡ್ಡಿ ಓಡುತ್ತದೆ, ಶುಲ್ಕವೂ ಬೀಳುತ್ತದೆ.

ಶುಲ್ಕಗಳು ಪ್ರತ್ಯೇಕ ಸಾಲುಗಳಲ್ಲಿ ಬರುತ್ತವೆ. ₹500 ವಾರ್ಷಿಕ ಶುಲ್ಕಕ್ಕೆ ಶೇಕಡ 18 ಜಿಎಸ್‌ಟಿಯಾಗಿ ₹90 ಸೇರುತ್ತದೆ. ಮೊದಲ ವರ್ಷ ಶುಲ್ಕವಿಲ್ಲ ಎಂದು ಹೇಳಿ ಕೊಟ್ಟ ಕಾರ್ಡಾದರೆ ಈ ಸಾಲನ್ನು ಖಂಡಿತ ನೋಡಬೇಕು.

ಈಗ ಒಟ್ಟು ಬಾಕಿಯನ್ನು ಕೂಡಿಸಬಹುದು. ಹಿಂದಿನ ಬಾಕಿ ತೀರಿದೆ. ಹೊಸ ಖರೀದಿ ₹9,400, ವಾಪಸು ಕೊಟ್ಟ ವಸ್ತುವಿನ ಜಮೆ ₹1,400, ಶುಲ್ಕ ಮತ್ತು ತೆರಿಗೆ ₹590. ಬರುವ ಮೊತ್ತ ₹8,590. ಸ್ಟೇಟ್‌ಮೆಂಟ್‌ನ ಮೊತ್ತವೂ ಇದೇ ಆಗಿರಬೇಕು.

ಅದರ ಪಕ್ಕದಲ್ಲೇ ಕನಿಷ್ಠ ಬಾಕಿ ಇರುತ್ತದೆ. ಅದು ಒಟ್ಟಿನ ಶೇಕಡ 5 ಎಂದಾದರೆ ಸುಮಾರು ₹430. ಅಷ್ಟನ್ನೇ ಕಟ್ಟಿದರೆ ತಡಪಾವತಿ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ತಿಂಗಳಿಗೆ ಶೇಕಡ 3.5 ದರವಿದ್ದರೆ ಉಳಿದ ₹8,160ಕ್ಕೆ ಒಂದು ತಿಂಗಳಿಗೇ ಸುಮಾರು ₹285 ಬಡ್ಡಿ, ಮೇಲೆ ಜಿಎಸ್‌ಟಿ. ಹೆಚ್ಚಿನ ಬ್ಯಾಂಕುಗಳು ಈ ಬಡ್ಡಿಯನ್ನು ಗಡುವಿನಿಂದಲ್ಲ, ಖರೀದಿಯ ದಿನದಿಂದ ಎಣಿಸುತ್ತವೆ. ಹಳೆ ಬಾಕಿ ತೀರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಆದ್ದರಿಂದ ಜೂನ್ 4ರೊಳಗೆ ಕಟ್ಟಬೇಕಾದ ಮೊತ್ತ ₹430 ಅಲ್ಲ, ₹8,590.