ಅಂಗಡಿ ಒಳಗೆ ಸಿಗ್ನಲ್ ಯಾಕೆ ಸಿಗಲ್ಲ? ಎಂಜಿನಿಯರ್ ಲೆಕ್ಕ ಹಾಕೋದು ಹೀಗೆ

ಯುಪಿಐ ಹಣ ಬಂತಾ ಅಂತ ನೋಡಲು ಅಂಗಡಿಯಿಂದ ರಸ್ತೆಗೆ ಬರಬೇಕಾ? ಇಂಥ ಜಾಗ ಪತ್ತೆಹಚ್ಚಲು ಟೆಲಿಕಾಂ ಎಂಜಿನಿಯರ್ ಮೊದಲು ಮಾಡುವುದು ಡ್ರೈವ್ ಟೆಸ್ಟ್. ಕಾರಿನಲ್ಲಿ ಟೆಸ್ಟ್ ಫೋನ್, ಜಿಪಿಎಸ್ ಇಟ್ಟುಕೊಂಡು ಬೀದಿ ಬೀದಿ ನಿಧಾನವಾಗಿ ಸುತ್ತುತ್ತಾರೆ. ಸಿಗ್ನಲ್ ಬಲ ಡಿಬಿಎಂ ಲೆಕ್ಕದಲ್ಲಿ ನಕ್ಷೆ ಮೇಲೆ ದಾಖಲಾಗುತ್ತದೆ. 4ಜಿಯಲ್ಲಿ -80 ಆಸುಪಾಸು ಇದ್ದರೆ ಚೆನ್ನಾಗಿದೆ, -110ಕ್ಕಿಂತ ಕೆಳಗಿಳಿದರೆ ದುರ್ಬಲ.

ಆಮೇಲೆ ಲಿಂಕ್ ಬಜೆಟ್, ಅಂದ್ರೆ ಸಿಗ್ನಲ್‌ನ ಜಮಾ-ಖರ್ಚು. ಟವರ್‌ನಿಂದ 2 ಕಿ.ಮೀ. ದೂರದ ಅಂಗಡಿ, ತರಂಗಾಂತರ 1800 ಮೆಗಾಹರ್ಟ್ಸ್ ಅಂದುಕೊಳ್ಳಿ. ಆಂಟೆನಾದಿಂದ ಹೊರಡುವ ಬಲ 30. ಬಯಲಲ್ಲೇ ಅಷ್ಟು ದೂರ ಬರುವಷ್ಟರಲ್ಲಿ 104 ಖರ್ಚಾಗಿ -74 ಉಳಿಯುತ್ತದೆ. ಮರ, ಕಟ್ಟಡಗಳಿಗೆ 20 ಕಳೆದರೆ ಬೀದಿಯಲ್ಲಿ -94. ಕಾಂಕ್ರೀಟ್ ಗೋಡೆಗೆ ಇನ್ನೂ 15 ಹೋದರೆ ಒಳಗೆ -109.

ಈಗ ಎರಡನ್ನೂ ತಾಳೆ ನೋಡುತ್ತಾರೆ. ಬೀದಿಯಲ್ಲಿ -94 ಸಿಕ್ಕಿದರೆ ಟವರ್ ಸರಿಯಿದೆ, ಆದರೆ ದೂರವಾಯ್ತು. -112 ಸಿಕ್ಕಿದರೆ 18 ಎಲ್ಲೋ ಸೋರಿದೆ: ಆಂಟೆನಾ ದಿಕ್ಕು ತಪ್ಪಿರಬಹುದು, ಕೇಬಲ್ ಕೆಟ್ಟಿರಬಹುದು, ಗುಡ್ಡ ಅಡ್ಡ ಇರಬಹುದು. ಬಲ ಚೆನ್ನಾಗಿದ್ದೂ ನೆಟ್ ನಿಧಾನವಾದರೆ ಅದು ಜನದಟ್ಟಣೆ ಅಥವಾ ಬೇರೆ ಟವರ್‌ನ ಅಡಚಣೆ.

ಕಾರು ಅಂಗಡಿಯೊಳಗೆ ಬರಲ್ಲ. ಹಾಗಾಗಿ ದೂರು ಕೊಡುವಾಗ ಸಿಗ್ನಲ್ ಇಲ್ಲದ್ದು ಒಳಗೋ, ಹೊರಗೂನೋ ಅಂತ ತಪ್ಪದೇ ಹೇಳಿ.